ಅಡ್ಡಹೆಸರಿಲ್ಲದ ಸಾಲು

ಇದನ್ನು ಬರೆಯುವಾಗ ನಾನು ಯಾರ ಹೆಸರನ್ನೂ ಹಾಕುವುದಿಲ್ಲ. ಇದಕ್ಕೂ ಸೌಜನ್ಯಕ್ಕೂ ಸಂಬಂಧವಿಲ್ಲ. ಒಂದು ಹೆಸರು ಸಿಗಲಿಲ್ಲ ಎಂಬ ಕಾರಣಕ್ಕೆ ಒಬ್ಬ ಮನುಷ್ಯನನ್ನೇ ಪಟ್ಟಿಯಿಂದ ತೆಗೆಸಿದವರ ಜೊತೆ ನಾನು ಕೆಲಸ ಮಾಡುತ್ತೇನೆ. ಅವರೂ ಸ್ವಲ್ಪ ಹೊತ್ತು ಹೆಸರಿಲ್ಲದೆ ಇರಲಿ.

ಹಗರಿಬೊಮ್ಮನಹಳ್ಳಿಯಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಮಹಡಿ ನಮ್ಮ ಆಫೀಸು. ಮಾಲೀಕರು ಒಂದು ಕಾಲಕ್ಕೆ ತಾವೇ ಪ್ರೋಗ್ರಾಂ ಬರೆಯುತ್ತಿದ್ದವರು, ಈಗ ಗಿರಾಕಿ ಹುಡುಕುತ್ತಾರೆ. ನನ್ನದು ಸರ್ವರ್ ಕೆಲಸ. ನನ್ನ ಎದುರಿನ ಮೇಜಿನವನದು ಐಫೋನ್ ಆಪ್. ಸ್ವಿಫ್ಟ್ ಭಾಷೆಯಲ್ಲಿ ಬರೆಯುತ್ತಾನೆ, ಆಫೀಸಿನಲ್ಲಿದ್ದ ಒಂದೇ ಮ್ಯಾಕ್ ಅವನದು. ಅವನ ಮನೆತನದ ಹೆಸರು ಕೊಟ್ಟೂರಿನಲ್ಲಿ ಎರಡು ಗೊಬ್ಬರದ ಅಂಗಡಿಗಳ ಬೋರ್ಡಿನ ಮೇಲಿದೆ. ಅವನನ್ನು ಇಲ್ಲಿ ಐಫೋನಿನವನು ಎನ್ನುತ್ತೇನೆ.

ನಮಗೆ ಬಂದಿದ್ದ ಕೆಲಸ ಕೊಟ್ಟೂರಿನ ಒಬ್ಬ ಮೆಕ್ಕೆಜೋಳದ ದಲ್ಲಾಳಿ ಸಾವುಕಾರರದು. ಅಂಗಡಿಗೆ ಬಂದ ಲಾಟುಗಳು, ಅಂದರೆ ಒಬ್ಬೊಬ್ಬ ರೈತ ತಂದ ಮಾಲು, ಖರೀದಿದಾರರ ಫೋನಿನಲ್ಲಿ ಕಾಣಬೇಕು, ಅವರು ಕೂತಲ್ಲಿಂದಲೇ ದರ ಕೂಗಬೇಕು. ಗುಮಾಸ್ತರ ಬಳಿ ಆಂಡ್ರಾಯ್ಡ್ ಇತ್ತು. ಸಾವುಕಾರರ ಬಳಿಯೂ ದೊಡ್ಡ ಖರೀದಿದಾರರ ಬಳಿಯೂ ಐಫೋನು.

ಕೊಟ್ಟೂರು ಸೀಮೆಯಲ್ಲಿ ಕೆಲಸ ಮಾಡದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಗಂಡಸರಲ್ಲಿ ಬಹಳ ಜನರಿಗೆ ಒಂದೇ ಹೆಸರು. ಬಸ್ ನಿಲ್ದಾಣದಲ್ಲಿ ನಿಂತು ಆ ಹೆಸರು ಕೂಗಿದರೆ ಹತ್ತು ಕಡೆಯಿಂದ "ಏನ್ರಿ" ಬರುತ್ತದೆ. ಹಾಗಾಗಿ ಇಲ್ಲಿಯವರು ಒಬ್ಬರನ್ನೊಬ್ಬರು ಗುರುತಿಸುವುದು ಅಡ್ಡಹೆಸರಿನಿಂದ, ಅಂದರೆ ಮನೆತನದ ಹೆಸರಿನಿಂದ. ಚೀಲದ ಮೇಲೆ ಬಣ್ಣದಲ್ಲಿ ಬರೆಯುವುದೂ ಅದನ್ನೇ. ಐಫೋನಿನವನು ಇದನ್ನು ತಿಳಿದು, ಪ್ರತಿ ಲಾಟಿನ ಸಾಲಿನ ಎಡಕ್ಕೆ ಒಂದು ಬಣ್ಣದ ವೃತ್ತ ಮಾಡಿ, ಅದರೊಳಗೆ ಅಡ್ಡಹೆಸರಿನ ಮೊದಲ ಅಕ್ಷರ ಕೂರಿಸಿದ. ಚೆನ್ನಾಗಿ ಕಾಣುತ್ತಿತ್ತು. ಚೆನ್ನಾಗಿರಲಿಲ್ಲ ಎಂದು ಈಗ ಬರೆಯಬೇಕೆನಿಸುತ್ತದೆ, ಆದರೆ ಕಾಣುತ್ತಿತ್ತು.

ನಮ್ಮ ಮನೆಯಲ್ಲಿ ಅಡ್ಡಹೆಸರು ಇಲ್ಲ. ಒಂದು ಇತ್ತು. ಊರು ನಮಗೆ ಹಚ್ಚಿದ್ದು. ಬೌದ್ಧರಾದಾಗ ಅಪ್ಪ, ಚಿಕ್ಕಪ್ಪ ಅದನ್ನು ಬಿಟ್ಟರು. ಬಿಟ್ಟರು ಅಂದರೆ ಪೂರ್ತಿ: ರೇಷನ್ ಕಾರ್ಡಿನಿಂದ, ಶಾಲೆಯ ದಾಖಲೆಯಿಂದ, ಬಾಯಿಂದ. ನನಗೆ ಅದು ಗೊತ್ತು, ಬೇರೆಯವರ ಬಾಯಲ್ಲಿ ಕೇಳಿ.

ಈಗ ತಪ್ಪಿನ ವಿಷಯ. ಸರ್ವರಿನಿಂದ ಫೋನಿಗೆ ಒಂದು ಉತ್ತರ ಹೋಗುತ್ತದೆ. ಅದರಲ್ಲಿ ಪ್ರತಿ ಲಾಟಿಗೆ ಹೆಸರು, ಅಡ್ಡಹೆಸರು, ಊರು, ಚೀಲ, ತೇವಾಂಶ. ಇಲ್ಲದ್ದನ್ನು ನಾನು ಕಳಿಸುವುದಿಲ್ಲ. ಆ ಅಂಕಣವೇ ಉತ್ತರದಲ್ಲಿ ಇರುವುದಿಲ್ಲ. ಇದನ್ನು ಅವನಿಗೆ ಕೆಲಸ ಶುರುವಾಗುವ ಮೊದಲೇ ಬರೆದು ತಿಳಿಸಿದ್ದೆ: ಅಡ್ಡಹೆಸರು ಬರಬಹುದು, ಬರದೆಯೂ ಇರಬಹುದು. ಅವನು ಹೆಬ್ಬೆರಳು ಎತ್ತಿದ ಚಿತ್ರ ವಾಪಸು ಕಳಿಸಿದ್ದ.

ಸ್ವಿಫ್ಟ್ ಈ ವಿಷಯದಲ್ಲಿ ಬಹಳ ಹುಷಾರಿನ ಭಾಷೆ. ಇರಬಹುದಾದ ಅಥವಾ ಇಲ್ಲದಿರಬಹುದಾದ ಮೌಲ್ಯವನ್ನು ಅದು ಆಪ್ಷನಲ್ ಎನ್ನುತ್ತದೆ. ಮುಚ್ಚಿದ ಡಬ್ಬಿ ಎಂದುಕೊಳ್ಳಿ. ಒಳಗೆ ಏನಾದರೂ ಇರುತ್ತದೆ, ಇಲ್ಲವೆ ನಿಲ್, ಅಂದರೆ ಏನೂ ಇಲ್ಲ. ಡಬ್ಬಿಯನ್ನು ಹಾಗೇ ಬಳಸಲು ಹೋದರೆ ಕೆಂಪು ಗುರುತು ತೋರಿಸಿ ತಡೆಯುತ್ತದೆ, ಎರಡು ದಾರಿ ಸೂಚಿಸುತ್ತದೆ. ಒಂದು, ಒಳಗೆ ಏನೂ ಇಲ್ಲದಿದ್ದರೆ ಬದಲಿಗೆ ಏನು ಬಳಸಲಿ ಎಂದು ಹೇಳು. ಎರಡು, ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಡಬ್ಬಿಯನ್ನು ಬಲವಂತವಾಗಿ ತೆರೆ. ಖಾಲಿ ಇದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಹಾಗಂತ ಆ ಸೂಚನೆಯಲ್ಲೇ ಬರೆದಿರುತ್ತದೆ. ಐಫೋನಿನವನು ಎರಡನೆಯದನ್ನು ಒತ್ತಿದ. ಅಡ್ಡಹೆಸರು ಇಲ್ಲದಿರಬಹುದು ಎಂದು ಮೇಲೆ ತಾನೇ ಬರೆದುಕೊಂಡು, ಕೆಲವು ಸಾಲು ಕೆಳಗೆ, ಅದು ಇದ್ದೇ ಇರುತ್ತದೆ ಎಂದು ಆಣೆ ಮಾಡಿದ ಹಾಗೆ.

ಅಡ್ಡಹೆಸರಿಲ್ಲದ ಮನುಷ್ಯ ಅವನ ತಲೆಯಲ್ಲಿ ಇರಲಿಲ್ಲ. ನಾನು ಅವನ ಎದುರು ಮೇಜಿನಲ್ಲಿ ಕೂತಿದ್ದೆ.

ಮೊದಲ ಸಲ ಆಪ್ ತೋರಿಸಲು ಕೊಟ್ಟೂರಿನ ಅಂಗಡಿಗೆ ಹೋದೆವು: ಮಾಲೀಕರು, ಅವನು, ನಾನು. ಅದೇ ದಿನ ನನ್ನ ಚಿಕ್ಕಪ್ಪನೂ ತಂಬ್ರಹಳ್ಳಿಯಿಂದ ಮೆಕ್ಕೆಜೋಳ ತಂದಿದ್ದರು. ಅವರು ಲೈನ್‌ಮನ್, ಸಂಬಳದ ಜೊತೆಗೆ ಸ್ವಲ್ಪ ಹೊಲವೂ ಇದೆ. ಆ ಅಂಗಡಿಗೆ ಹಾಕು ಎಂದು ಹೇಳಿದ್ದು ನಾನೇ, ನನ್ನ ಆಪಿನಲ್ಲಿ ಅವರ ಹೆಸರು ಬರಲಿ ಎಂದು.

ಚಿಕ್ಕಪ್ಪ ಚೀಲಗಳ ಮೇಲೆ ಕೂತಿದ್ದರು ಎಂದು ಇದರ ಹಿಂದಿನ ಪ್ರತಿಯಲ್ಲಿ ಬರೆದು ಹೊಡೆದು ಹಾಕಿದೆ. ಚೀಲದ ಮೇಲೆ ಕೂತ ರೈತ ಎಂಬುದು ಚಿತ್ರವಾಗಿ ಚೆಂದ, ಅದಕ್ಕೇ ನನಗೆ ನಂಬಿಕೆ ಇಲ್ಲ. ನಿಂತಿದ್ದಿರಬಹುದು. ಮಾತು ಕೇಳಿಸುವಷ್ಟು ಹತ್ತಿರ ಇದ್ದರು. ಅಷ್ಟು ಖಾತ್ರಿ.

ಸಾವುಕಾರರು ಆಪ್ ತೆರೆದರು. ಮೇಲಿನ ಲಾಟುಗಳು ಬಂದವು, ಬಣ್ಣದ ವೃತ್ತಗಳು ಬಂದವು. ಅವರು ಬೆರಳಿನಿಂದ ಪಟ್ಟಿಯನ್ನು ಮೇಲೆ ತಳ್ಳಿದರು. ಆಪ್ ಮುಚ್ಚಿಕೊಂಡಿತು. ಮತ್ತೆ ತೆರೆದರು, ತಳ್ಳಿದರು, ಅದೇ ಜಾಗದಲ್ಲಿ ಮುಚ್ಚಿಕೊಂಡಿತು. ಐಫೋನು ಪಟ್ಟಿಯ ಸಾಲುಗಳನ್ನು ಪರದೆಗೆ ಬರುವ ಹೊತ್ತಿಗೆ ಒಂದೊಂದಾಗಿ ಕಟ್ಟುತ್ತದೆ. ಆ ಒಂದು ಸಾಲು ಪರದೆಗೆ ಬರುವವರೆಗೂ ಎಲ್ಲ ಸರಿ ಇರುತ್ತದೆ.

"ನನ್ನ ಫೋನಾಗ ಚಲೋ ಐತ್ರಿ ಸಾವ್ಕಾರ್ರ," ಎಂದರು ಗುಮಾಸ್ತರು ತಮ್ಮ ಆಂಡ್ರಾಯ್ಡ್ ತೋರಿಸಿ. ಅಲ್ಲಿ ಆ ಸಾಲಿನ ವೃತ್ತ ಖಾಲಿ ಇತ್ತು, ಅಷ್ಟೇ.

"ಅಲ್ಲಿ ಯಾರ ಲಾಟ್ ಐತಿ ನೋಡು," ಎಂದರು ಸಾವುಕಾರರು.

ಗುಮಾಸ್ತರು ಚಿಕ್ಕಪ್ಪನ ಹೆಸರು ಓದಿದರು. ಎಲ್ಲರೂ ತಿರುಗಿ ನೋಡಿದರು.

"ಏನಪಾ, ನಿನ್ ಲಾಟ್ ಬಂದ್ರ ನನ್ ಫೋನೇ ಬಂದ್ ಆಕ್ಕೈತಲ್ಲ?" ಸಾವುಕಾರರು ನಗುತ್ತ ಕೇಳಿದರು. ಅದು ತಮಾಷೆ. ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ.

ಐಫೋನಿನವನು ಗುಮಾಸ್ತರ ಫೋನಿನಲ್ಲಿ ಖಾಲಿ ವೃತ್ತ ನೋಡಿದ, ಚಿಕ್ಕಪ್ಪನನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಹೇಳಿದ, ಅದೇ ನಾನು ಕ್ಷಮಿಸದ ವಿಷಯ:

"ಕೆಲವ್ರು ಬಂದ್ರ ಹಂಗ ಆಕ್ಕೈತ್ರಿ ಸಾವ್ಕಾರ್ರ. ಆಪಿಗೂ ಗೊತ್ತಾಕ್ಕೈತಿ."

ನಕ್ಕರು. ಎಷ್ಟು ಜನ, ಯಾರು ಯಾರು, ಬರೆಯಲಾರೆ. ಕೋಪ ನೆನಪಿಗೆ ಜನರನ್ನು ಸೇರಿಸುತ್ತದೆ. ಮಾಲೀಕರು ನಗಲಿಲ್ಲ ಎಂದು ಹಿಂದೊಮ್ಮೆ ಅಂದುಕೊಂಡಿದ್ದೆ. ಈಗ ಅದೂ ಗೊತ್ತಿಲ್ಲ.

ಆಮೇಲೆ ಅವನು ಕೆಲಸದ ದನಿ ತೆಗೆದ. "ಸರ್ವರ್ ಕಡಿಂದ ಡೇಟಾ ಬಂದಿಲ್ರಿ. ಮೇಡಂ ಅವ್ರು ಅಡ್ಡಹೆಸ್ರು ಕಳ್ಸಿಲ್ಲ."

"ಇದ್ರ ಕಳಸ್ತಿದ್ದೆ," ಎಂದೆ. "ಇಲ್ಲದ್ದು ಎಲ್ಲಿಂದ ತರ್ಲಿ? ಇಲ್ದಿರಬೌದು ಅಂತ ನಿಂಗ ಬರೆದು ಕೊಟ್ಟೀನಿ."

"ಜಗಳ ಆಫೀಸ್ನಾಗ ಆಡ್ರಿ," ಎಂದರು ಸಾವುಕಾರರು. ಗುಮಾಸ್ತರಿಗೆ ಹೇಳಿದರು: "ಸದ್ಯಕ್ಕ ಆ ಲಾಟ್ ತೆಗದ್ ಹಾಕು. ಖರೀದಿಯವ್ರೆಲ್ಲ ನೋಡಾಕ ಹತ್ಯಾರ."

ತೆಗೆದರು. ಆಪ್ ಸರಾಗವಾಗಿ ಓಡಿತು. ಪಟ್ಟಿಯಲ್ಲಿ ಇಲ್ಲದ ಲಾಟಿಗೆ ಯಾರೂ ದರ ಕೂಗಲಿಲ್ಲ. ಸಂಜೆ ಚಿಕ್ಕಪ್ಪ ಅದೇ ಟ್ರ್ಯಾಕ್ಟರಿಗೆ ಅದೇ ಚೀಲಗಳನ್ನು ಹೇರಿಸಿಕೊಂಡು ತಂಬ್ರಹಳ್ಳಿಗೆ ವಾಪಸು ಹೋದರು. ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿದ್ದರೆ ಏನು ಹೇಳುತ್ತಿದ್ದರು ಎಂದು ಹಲವು ಥರ ಬರೆದು ನೋಡಿದ್ದೇನೆ. ಎಲ್ಲವೂ ಸುಳ್ಳೆನಿಸುತ್ತವೆ.

ಮರುದಿನ ಆಫೀಸಿನಲ್ಲಿ ಮಾಲೀಕರು ಇಬ್ಬರನ್ನೂ ಕೂರಿಸಿಕೊಂಡರು.

"ನೋಡವ್ವಾ, ಅವನ ಕಡಿಗೆ ತಿದ್ದಿದ್ರ ಆಪ್ ಮತ್ತ ಎಲ್ಲಾರ ಫೋನಿಗೂ ಹಾಕಬೇಕು. ನಿನ್ನ ಕಡಿಗೆ ಸಣ್ಣ ಕೆಲಸ. ಆ ಅಂಕಣ ಯಾವಾಗ್ಲೂ ಹೋಗಂಗ ಮಾಡು."

"ಏನಂತ ಕಳಿಸ್ಲಿ ಸರ್?"

ಮಾಲೀಕರು ಉತ್ತರ ಹುಡುಕುತ್ತಿದ್ದರು. ಅವನು ಹುಡುಕಬೇಕಾಗಿರಲಿಲ್ಲ. "ಹಳೇದು ಇತ್ತಲ್ಲ, ಅದನ್ನ ಹಾಕು. ಊರಾಗ ಎಲ್ಲಾರಿಗೂ ಗೊತ್ತಿರೋದ."

ಆ ಹೆಸರನ್ನೂ ಹೇಳಿದ. ಇಲ್ಲಿ ಬರೆಯುವುದಿಲ್ಲ.

ಭಾನುವಾರ ತಂಬ್ರಹಳ್ಳಿಗೆ ಹೋಗಿ ಚಿಕ್ಕಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅಂಗಳದಲ್ಲಿ ಕೂತು ತಮ್ಮ ಕೆಲಸದ ರಬ್ಬರ್ ಕೈಗವಸು ಒರೆಸುತ್ತಿದ್ದರು.

"ಆ ಹೆಸ್ರು ಹಾಕಿದ್ರ ನನ್ ಜ್ವಾಳ ಮಾರತೈತಿ, ಇಲ್ಲಾಂದ್ರ ಇಲ್ಲ. ಹಂಗೇನು?"

"ಹಂಗ ಅಂತಾರ, ಚಿಗಪ್ಪ."

"ಹಾಕಬ್ಯಾಡ. ಕೋಳಿಗೆ ಹಾಕ್ತೀನಿ ಜ್ವಾಳ." ಕೈಗವಸು ತಿರುಗಿಸಿ ಒರೆಸುತ್ತ ಕೇಳಿದರು: "ಆ ಹುಡುಗ ಯಾರ ಮಗ?"

ಹೇಳಿದೆ.

"ಅವರಪ್ಪನೂ ಅದೇ ಅಂಗಡಿಗೆ ಹಾಕ್ತಾನ," ಎಂದರು, ಅಷ್ಟೇ. ಅವರು ಏನೂ ಸೂಚಿಸಿರಲಿಲ್ಲ. ಸೂಚಿಸಿದರು ಎಂದು ನಂಬಿದರೆ ನನಗೆ ಹಗುರ, ಹಾಗಾಗಿ ನಂಬುವುದಿಲ್ಲ. ಯೋಚನೆ ನನ್ನದು, ಬಸ್ಸಿನಲ್ಲಿ ಹುಟ್ಟಿತು, ಹಗರಿಬೊಮ್ಮನಹಳ್ಳಿ ಬರುವಷ್ಟರಲ್ಲಿ ಪೂರ್ತಿಯಾಗಿತ್ತು. ಅಷ್ಟು ಖುಷಿಯಾಗಿ ನಾನು ಆ ಬಸ್ಸಿನಲ್ಲಿ ಯಾವತ್ತೂ ಕೂತಿರಲಿಲ್ಲ.

ಸರ್ವರಿನಲ್ಲಿ ನಾನೇನೂ ತುಂಬಲಿಲ್ಲ, ಅವನೂ ಆಪ್ ತಿದ್ದಲಿಲ್ಲ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ದಲ್ಲಾಳಿಗಳೂ ಆಪ್ ನೋಡಬೇಕೆಂದಿದ್ದರು. ಕೊಟ್ಟೂರಿನ ಅದೇ ಅಂಗಡಿಯಲ್ಲಿ ಸೇರುವುದೆಂದಾಯಿತು. ಹೊರಗಿನವರಿಗೆ ನಿಜವಾದ ಲಾಟು ತೋರಿಸುವುದು ಬೇಡ, ಪರೀಕ್ಷೆಗೆಂದು ಬೇರೆ ಸರ್ವರ್ ಇದೆಯಲ್ಲ, ಅದರಲ್ಲಿ ಸುಳ್ಳು ಲಾಟು ತುಂಬು ಎಂದರು ಮಾಲೀಕರು. "ಹೆಸ್ರು ನಿಜವಾದ್ದೇ ಇರ್ಲಿ. ನಮ್ಮ ಮಂದಿ ಹೆಸ್ರು ಹಾಕು, ನೋಡಿ ಖುಷಿ ಪಡ್ತಾರ."

ನಮ್ಮ ಮಂದಿ ಹೆಸರು ಹಾಕಿದೆ. ಮೇಲಿನ ಸಾಲುಗಳಲ್ಲಿ ಅಡ್ಡಹೆಸರಿರುವವರು, ಪರದೆ ತುಂಬುವಷ್ಟು, ಅದಕ್ಕಿಂತ ಸ್ವಲ್ಪ ಜಾಸ್ತಿ. ಆಪ್ ತೆರೆಯಬೇಕು, ಚೆಂದ ಕಾಣಬೇಕು, ಅವನು ವಿವರಿಸಲು ಶುರು ಮಾಡಬೇಕು, ದನಿ ಏರಬೇಕು. ಆಮೇಲೆ ಬೆರಳು ತಳ್ಳಬೇಕು. ಅಲ್ಲಿ ಅವನ ಅಪ್ಪನನ್ನು ಕೂರಿಸಿದೆ. ಹೆಸರು, ಊರು, ಚೀಲ, ತೇವಾಂಶ, ಎಲ್ಲ ಸರಿಯಾಗಿ. ಅಡ್ಡಹೆಸರಿನ ಅಂಕಣ ಇಲ್ಲ.

ಇದರಲ್ಲಿ ಮೋಸ ಇತ್ತೇ? ಪರೀಕ್ಷೆಯ ಸರ್ವರ್ ಇರುವುದು ಪರೀಕ್ಷೆಗೆ. ಅಂಕಣ ಬರದೆಯೂ ಇರಬಹುದು ಎಂದು ಬರೆದು ಕೊಟ್ಟಿದ್ದೆ, ಹೆಬ್ಬೆರಳು ಸಿಕ್ಕಿತ್ತು. ಅವನು ಒಂದೇ ಒಂದು ಸಲ ಪಟ್ಟಿಯನ್ನು ಕೊನೆಯವರೆಗೆ ತಳ್ಳಿ ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆ. ನೋಡಲಿಲ್ಲ. "ತುಂಬಿದಿ ಹೌದಿಲ್ಲೋ?" ಎಂದು ಕೇಳಿದ. "ಎಲ್ಲ ತುಂಬೀನಿ, ನೋಡ್ಕೋ," ಎಂದೆ. ನೋಡ್ಕೋ ಎಂದು ಹೇಳಿದ್ದು ಖಂಡಿತ. ಇದೊಂದನ್ನು ನೆನಪು ನನಗೆ ಬೇಕಾದ ಹಾಗೆ ತಿದ್ದಿಲ್ಲ, ಏಕೆಂದರೆ ಆ ಮಾತನ್ನು ಹೇಳುವಾಗಲೇ ಜೋಪಾನ ಮಾಡಿ ಇಟ್ಟುಕೊಂಡಿದ್ದೆ.

ಅಂಗಡಿಯಲ್ಲಿ ಅವನ ಫೋನಿನ ಪರದೆ ದೊಡ್ಡ ಟಿವಿಯಲ್ಲಿ ಕಾಣುವಂತೆ ಮಾಡಿದ್ದರು. ದಲ್ಲಾಳಿಗಳು ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದರು. ಅವನು ಎದ್ದು ನಿಂತು ಹೇಳತೊಡಗಿದ. ವೃತ್ತಗಳ ಬಗ್ಗೆ ಬಹಳ ಹೇಳಿದ. ಮೊದಲ ಅಕ್ಷರ ನೋಡಿದರೆ ಸಾಕು, ಯಾವ ಮನೆತನ ಅಂತ ಗೊತ್ತಾಗುತ್ತದೆ ಎಂದ. ಬೆರಳು ಇಟ್ಟ. ತಳ್ಳಿದ.

ಟಿವಿಯಲ್ಲಿ ಅವನ ಫೋನಿನ ಮುಖಪುಟ ಬಂತು. ಹಿನ್ನೆಲೆಯಲ್ಲಿ ಅವನು ಕಪ್ಪು ಕನ್ನಡಕ ಹಾಕಿಕೊಂಡು ಬೈಕಿನ ಮೇಲೆ ಕೂತ ಫೋಟೋ.

ಒಬ್ಬರು ಕೆಮ್ಮಿದರು. ಅವನು ಮತ್ತೆ ತೆರೆದ, ಮತ್ತೆ ತಳ್ಳಿದ, ಮತ್ತೆ ಬೈಕು.

"ಸಾವ್ಕಾರ್ರೆ, ನಮ್ಮ ಹರಪನಹಳ್ಳಿಯಾಗೆ ಇದಕ್ಕಿಂತ ಚೀಟಿ ಬರ್ಕೊಳ್ಳೋದೇ ವಾಸಿ ಬಿಡ್ರಿ," ಎಂದರು ಒಬ್ಬ ದಲ್ಲಾಳಿ, ಮಿರ್ಚಿ ಮುರಿಯುತ್ತ.

ಸಾವುಕಾರರು ಗುಮಾಸ್ತರ ಕಡೆ ನೋಡಿದರು. "ಈ ಸಲ ಯಾರು?"

ಗುಮಾಸ್ತರು ಆಂಡ್ರಾಯ್ಡ್ ನೋಡಿ, ಐಫೋನಿನವನನ್ನು ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: "ಇವ್ರ ತಂದಿಯವ್ರು ಅದಾರ್ರಿ."

ಇಲ್ಲಿ ನಾನು "ಕೆಲವ್ರು ಬಂದ್ರ ಹಂಗ ಆಕ್ಕೈತ್ರಿ" ಎಂದೆ. ಹಾಗೆಂದು ಗೆಳತಿಯರಿಗೆ ಹೇಳಿದ್ದೇನೆ, ಅಮ್ಮನಿಗೆ ಹೇಳಿದ್ದೇನೆ, ಹೇಳಿ ಹೇಳಿ ಅದು ನಿಜದಷ್ಟೇ ಗಟ್ಟಿಯಾಗಿದೆ. ಆದರೆ ಹೇಳಲಿಲ್ಲ. ನಿಜವಾಗಿ ಹೇಳಿದ್ದು ಬೇರೆ, ಮತ್ತು ಅವನಿಗೆ ಅದೇ ಹೆಚ್ಚು ತಾಗಿತು: "ಸರ್, ಮ್ಯಾಕ್ ತಂದೀವಲ್ಲ, ಫೋನ್ ಅದಕ್ಕ ಹಚ್ಚಿ ಓಡಿಸ್ರಿ. ಯಾವ ಸಾಲಿನಾಗ ನಿಲ್ಲತೈತಿ ಅದ ತೋರಸ್ತೈತಿ."

ಮಾಲೀಕರು ತಾವೇ ತಂತಿ ಹಚ್ಚಿದರು. ಆಪ್ ಓಡಿತು, ನಿಂತಿತು, ಮ್ಯಾಕಿನ ಪರದೆಯಲ್ಲಿ ಕೆಂಪು ಪಟ್ಟಿ ಬಿತ್ತು: ಆಪ್ಷನಲ್ ತೆರೆಯುವಾಗ ಅನಿರೀಕ್ಷಿತವಾಗಿ ನಿಲ್ ಸಿಕ್ಕಿತು ಎಂದು. ಅದರ ಪಕ್ಕದಲ್ಲೇ ಅವನ ಸಾಲು, ಅವನ ಆಶ್ಚರ್ಯಸೂಚಕ. ಮಾಲೀಕರು ಕನ್ನಡಕ ಏರಿಸಿ ಓದಿದರು.

"ಇದನ್ನ ಯಾಕ ಹಾಕಿದಿ?"

"ಎಲ್ಲಾರಿಗೂ ಇರ್ತೈತಿ ಅಂತ, ಸರ್."

"ನಿಮ್ಮಪ್ಪಗ ಇಲ್ಲಲ್ಲೋ."

ದಲ್ಲಾಳಿಗಳು ನಕ್ಕರು. ಈ ಸಲ ಎಣಿಸಬಹುದಿತ್ತು, ಎಣಿಸಲಿಲ್ಲ. ಅವನ ಮುಖ ನೋಡುತ್ತಿದ್ದೆ.

ಅವನು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ: "ಲೇ, ಬೇಕಂತ ಮಾಡಿದಿ. ಅಪ್ಪನ ಅಡ್ಡಹೆಸ್ರು ಹಾಕು ಈಗ, ಒಂದ್ ನಿಮಿಷದ ಕೆಲಸ."

"ಹಾಕಂಗಿಲ್ಲ. ಇಲ್ಲದವ್ರು ಬಂದ್ರ ಏನ್ ಮಾಡಬೇಕು ಅಂತ ನಿನ್ ಆಪಿಗೆ ಕಲ್ಸು."

"ಎಲ್ಲಾರೂ ನೋಡಾಕ ಹತ್ಯಾರ."

"ನಮ್ ಚಿಗಪ್ಪನ್ನೂ ನೋಡ್ತಿದ್ರು."

ಮಾಲೀಕರು ನನ್ನ ಕಡೆ ನೋಡಿದರು. ಪರೀಕ್ಷೆಯ ಲಾಟುಗಳನ್ನು ಜೋಡಿಸಿದ ಕ್ರಮ ಅವರಿಗೆ ಅರ್ಥವಾಗಿತ್ತು, ಹಳೆಯ ಪ್ರೋಗ್ರಾಮರ್. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಕುರ್ಚಿ ಅವನ ಕಡೆ ತಳ್ಳಿ, "ಕೂತು ತಿದ್ದು," ಎಂದರು.

ಅವನು ಎಲ್ಲರ ಎದುರು ಕೂತು ತಿದ್ದಿದ. ಆಶ್ಚರ್ಯಸೂಚಕ ಅಳಿಸಿದ. ಅಡ್ಡಹೆಸರು ಇದ್ದರೆ ಅದರ ಮೊದಲ ಅಕ್ಷರ, ಇಲ್ಲದಿದ್ದರೆ ಆ ಮನುಷ್ಯನ ಸ್ವಂತ ಹೆಸರಿನ ಮೊದಲ ಅಕ್ಷರ. ಬರೆದದ್ದು ಕಂಪೈಲ್ ಆಗಿ ಮತ್ತೆ ಆಪ್ ಆಗುವವರೆಗೆ ದಲ್ಲಾಳಿಗಳು ಮಿರ್ಚಿ ಅಗಿಯುತ್ತ ಕಾದರು. ಓಡಿತು. ಅವನ ಅಪ್ಪ ಪಟ್ಟಿಯಲ್ಲಿ ಬಂದರು, ಹಿಂದೆ ಮನೆತನವಿಲ್ಲದ ಒಬ್ಬ ಗಂಡಸಾಗಿ, ಅದೇ ಹೆಸರಿನ ಬೇರೆ ಎಷ್ಟೋ ಗಂಡಸರ ನಡುವೆ.

ಹೊಸ ಆಪ್ ಎಲ್ಲರ ಫೋನಿಗೆ ಹೋದ ಮೇಲೆ ಚಿಕ್ಕಪ್ಪ ಮತ್ತೆ ಚೀಲ ತಂದರು, ನಾನು ಬಹಳ ಕೇಳಿಕೊಂಡ ಮೇಲೆ. ಅವರ ಸಾಲು ಬಂತು, ವೃತ್ತದಲ್ಲಿ ಅವರದೇ ಅಕ್ಷರ. ಕೂಡ್ಲಿಗಿಯ ಖರೀದಿದಾರರೊಬ್ಬರು ತೆಗೆದುಕೊಂಡರು. ನಾನು ಫೋನು ತೋರಿಸಲು ಹೋದರೆ ಚಿಕ್ಕಪ್ಪ ನೋಡಲಿಲ್ಲ.

"ಆ ಹುಡುಗ ಏನಂದ?"

"ಏನೂ ಅನ್ನಲಿಲ್ಲ."

"ನನ್ ಬಗ್ಗೆ ಅಂದದ್ದಕ್ಕ?"

"ಇಲ್ಲ, ಚಿಗಪ್ಪ."

"ಹಂಗಾರ ಇನ್ನೂ ಬಾಕಿ ಐತಿ," ಎಂದು ಟ್ರ್ಯಾಕ್ಟರ್ ಹತ್ತಿದರು.

ಬಾಕಿ ಇದೆ ಎಂಬುದು ನನಗೂ ಗೊತ್ತಿತ್ತು. ಅವನ ಕೋಡನ್ನು ಕೂತು ಓದಿದೆ. ಆಶ್ಚರ್ಯಸೂಚಕಗಳು ಅಲ್ಲಲ್ಲಿ ಅಲ್ಲ, ಎಲ್ಲೆಲ್ಲೂ. ಊರು ಇದ್ದೇ ಇರುತ್ತದೆ ಎಂದುಕೊಂಡಿದ್ದಾನೆ. ತೇವಾಂಶ ಅಳೆದೇ ಇರುತ್ತಾರೆ ಎಂದುಕೊಂಡಿದ್ದಾನೆ. ಚೀಲದ ಫೋಟೋದ ವಿಳಾಸ ಸರಿಯಾಗಿಯೇ ಇರುತ್ತದೆ ಎಂದುಕೊಂಡಿದ್ದಾನೆ. ಜಗತ್ತು ತನಗೆ ಎಲ್ಲವನ್ನೂ ತುಂಬಿಯೇ ಕಳಿಸುತ್ತದೆ ಎಂಬ ನಂಬಿಕೆ.

ಈಗ ದಿನಾ ಬೆಳಿಗ್ಗೆ ನಾನು ಆಫೀಸಿಗೆ ಬಂದು, ಪರೀಕ್ಷೆಯ ಸರ್ವರಿನ ಉತ್ತರದಿಂದ ಒಂದು ಅಂಕಣ ತೆಗೆಯುತ್ತೇನೆ. ಅವನ ಆಪ್ ಓಡಿಸುತ್ತೇನೆ. ಅದು ಬೀಳುತ್ತದೆ. ಎಲ್ಲಿ ಬಿತ್ತು, ಏನು ಮಾಡಿದರೆ ಬೀಳುತ್ತದೆ ಎಂದು ಬರೆದು ಅವನಿಗೆ ಕಳಿಸುತ್ತೇನೆ, ಮಾಲೀಕರಿಗೂ ಒಂದು ಪ್ರತಿ. ಭಾಷೆ ಬಹಳ ಮರ್ಯಾದೆಯದು. "ದಯವಿಟ್ಟು ಪರಿಶೀಲಿಸಿ" ಎಂದು ಮುಗಿಸುತ್ತೇನೆ. ಆಪ್ ಬಹಳ ಗಟ್ಟಿಯಾಗುತ್ತಿದೆ ಎಂದು ಮಾಲೀಕರು ಹೊಗಳುತ್ತಾರೆ. ನನಗೆ ಅದು ಗಟ್ಟಿಯಾಗಬೇಕಾಗಿಲ್ಲ.

ಹೋದ ವಾರ ಅವನು ಚಹಾ ಹಿಡಿದು ನನ್ನ ಮೇಜಿನ ಹತ್ತಿರ ಬಂದ.

"ಎಲ್ಲಾ ಒಮ್ಮೆಗೇ ಹೇಳಿಬಿಡು ಮಾರಾಯ್ತಿ. ಒಂದ್ ದಿನ ಕುಂತು ಎಲ್ಲಾ ತಿದ್ದಿಬಿಡ್ತೀನಿ."

"ದಿನಕ್ಕೊಂದ."

"ಎಲ್ಲೀತನಾ?"

"ತಂಬ್ರಹಳ್ಳಿಗೆ ಬಸ್ ಐತಿ. ಚಿಗಪ್ಪ ಡ್ಯೂಟಿ ಮುಗಿಸಿ ಸಂಜಿಗೆ ಮನಿಯಾಗ ಇರ್ತಾರ. ಹೋಗಿ ತಪ್ಪಾತು ಅಂದ್ ಬಾ, ಆಮ್ಯಾಲ ಎಲ್ಲಾ ಒಮ್ಮೆಗೇ ಕೊಡ್ತೀನಿ."

ಅವನು ಚಹಾ ಕುಡಿದ. ನಕ್ಕ, ಅಥವಾ ಬಾಯಿ ಒರೆಸಿಕೊಂಡ. ಎರಡರಲ್ಲಿ ಯಾವುದೆಂದು ಖಚಿತವಿಲ್ಲ. "ಅದಾಗಂಗಿಲ್ಲ," ಎಂದು ತನ್ನ ಜಾಗಕ್ಕೆ ಹೋಗಿ ಕೂತ.

ಇವತ್ತು ಊರಿನ ಅಂಕಣ ತೆಗೆದೆ.